ಗ್ಯಾಸ್ ಪೈಪಿನ ತುದಿಯಲ್ಲಿ ಕೂದಲೆಳೆಯಂಥ ಬಿರುಕುಗಳಿವೆ, ಸೋಪಿನ ನೀರಿಗೆ ಗುಳ್ಳೆ ಬರುತ್ತಿಲ್ಲ: ಬದಲಿಸಬೇಕೇ?

ಮುಂಜಾವು

ಎಲ್ಲರಿಗೂ ನಮಸ್ಕಾರ. ನಿನ್ನೆ ಒಲೆಯ ಹಿಂಬದಿಯನ್ನು ಒರೆಸುವಾಗ ಗ್ಯಾಸಿನ ರಬ್ಬರ್ ಪೈಪನ್ನು ಸ್ವಲ್ಪ ಪಕ್ಕಕ್ಕೆ ಬಾಗಿಸಿದೆ. ಒಲೆಗೆ ಸೇರುವ ತುದಿಯ ಹತ್ತಿರ, ಪೈಪು ಕೆಳಕ್ಕೆ ತಿರುಗುವ ಜಾಗದಲ್ಲಿ, ಹೊರಮೈ ಮೇಲೆ ಅಡ್ಡಡ್ಡವಾಗಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿದವು. ಪೈಪನ್ನು ನೆಟ್ಟಗೆ ಮಾಡಿದರೆ ಅವು ಮುಚ್ಚಿಕೊಂಡು ಮಾಯವಾಗುತ್ತವೆ, ಬಾಗಿಸಿದರೆ ಮತ್ತೆ ಬಾಯಿ ತೆರೆಯುತ್ತವೆ. ಪೈಪು ಹಾಕಿ ನಾಲ್ಕು ವರ್ಷವಾಗಿದೆ. ಅದರ ಮೇಲೆ ಅಚ್ಚಾಗಿರುವ ಅವಧಿ ಮುಗಿಯಲು ಇನ್ನೂ ಕೆಲವು ತಿಂಗಳಿದೆ. ರೆಗ್ಯುಲೇಟರ್ ಮಾತ್ರ ಹನ್ನೊಂದು ವರ್ಷದ್ದು.

ಸೋಪಿನ ನೀರು ಹಚ್ಚಿ ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ವಾಸನೆಯೂ ಇಲ್ಲ. ಹೀಗಿರುವಾಗ ಸುಮ್ಮನೆ ಯಾಕೆ ಬದಲಿಸಬೇಕು ಎಂಬುದು ನಮ್ಮ ಯಜಮಾನರ ವಾದ. ನನಗೇಕೋ ಸಮಾಧಾನವಿಲ್ಲ. ಬಿರುಕು ಕಂಡರೂ ಗ್ಯಾಸ್ ಸೋರದಿದ್ದರೆ ಆ ಪೈಪನ್ನು ನಂಬಬಹುದೇ?

ನೀಲಿಜ್ವಾಲೆ

ನಿಮ್ಮ ಯಜಮಾನರು ಹೇಳುವುದೇ ಸರಿ. ಸೋಪಿನ ಪರೀಕ್ಷೆಗಿಂತ ದೊಡ್ಡ ಪರೀಕ್ಷೆ ಇಲ್ಲ. ಗುಳ್ಳೆ ಬರಲಿಲ್ಲ ಎಂದರೆ ಸೋರಿಕೆ ಇಲ್ಲ, ಸೋರಿಕೆ ಇಲ್ಲ ಎಂದರೆ ಪೈಪು ಚೆನ್ನಾಗಿದೆ. ಮೇಲ್ಮೈ ಬಿರುಕು ಎಲ್ಲ ರಬ್ಬರಿಗೂ ಬರುತ್ತದೆ, ಅದು ಚರ್ಮ ಸುಕ್ಕುಗಟ್ಟಿದ ಹಾಗೆ.

ಅನುಮಾನದ ಗಿರಾಕಿ

ಚರ್ಮ ಸುಕ್ಕುಗಟ್ಟಿದರೆ ಅದರೊಳಗಿಂದ ಗ್ಯಾಸ್ ಹೊರಗೆ ಬರುವುದಿಲ್ಲ, ಸ್ವಾಮಿ.

ರಬ್ಬರ್ ಮೇಷ್ಟ್ರು

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ರಬ್ಬರ್ ಪೈಪು ತಯಾರಿಸುವ ಘಟಕದಲ್ಲಿ ಪರೀಕ್ಷಾ ವಿಭಾಗದಲ್ಲಿದ್ದವನು. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸೋಪಿನ ನೀರು ಹೇಳುವುದು ಈ ಗಳಿಗೆಯಲ್ಲಿ ಗ್ಯಾಸ್ ಹೊರಬರುತ್ತಿದೆಯೇ ಇಲ್ಲವೇ ಎಂಬುದನ್ನು ಮಾತ್ರ. ಪೈಪಿನಲ್ಲಿ ಇನ್ನೆಷ್ಟು ಜೀವ ಉಳಿದಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಹಲವು ಪದರಗಳಿರುವ ಪೈಪನ್ನು ಕತ್ತರಿಸಿ ನೋಡಿದರೆ ಒಳಗೆ ಗ್ಯಾಸನ್ನು ತಡೆಯುವ ರಬ್ಬರ್ ಕೊಳವೆ, ಅದರ ಮೇಲೆ ಬಲ ಕೊಡುವ ನೂಲಿನ ಅಥವಾ ತಂತಿಯ ಹೆಣಿಗೆ, ಅದರ ಮೇಲೆ ಹೊರಕವಚ ಕಾಣುತ್ತದೆ. ನೀವು ಕಂಡ ಬಿರುಕು ಸದ್ಯಕ್ಕೆ ಹೊರಕವಚದ್ದು. ಒಳಕೊಳವೆ ಗಟ್ಟಿಯಾಗಿರುವವರೆಗೆ ಗುಳ್ಳೆ ಬರುವುದಿಲ್ಲ. ನೀಲಿಜ್ವಾಲೆ ಅವರ ಮಾತು ಅರ್ಧ ನಿಜ ಎನ್ನುವುದು ಅದಕ್ಕಾಗಿಯೇ.

ಇನ್ನರ್ಧ ಹೀಗಿದೆ. ಎಳೆತದಲ್ಲಿರುವ ರಬ್ಬರನ್ನು ಗಾಳಿಯಲ್ಲಿರುವ ಓಝೋನ್ ಕಡಿಯುತ್ತದೆ. ಅದರ ಪ್ರಮಾಣ ಅತ್ಯಲ್ಪವಾಗಿದ್ದರೂ ವರ್ಷಗಟ್ಟಲೆ ಕೆಲಸ ಮಾಡಲು ಅಷ್ಟೇ ಸಾಕು. ಎಳೆತ ಯಾವ ದಿಕ್ಕಿನಲ್ಲಿದೆಯೋ ಬಿರುಕು ಅದಕ್ಕೆ ಅಡ್ಡವಾಗಿ ಏಳುತ್ತದೆ. ಪೈಪು ಬಾಗಿದ ಕಡೆ ಹೊರಮೈ ಉದ್ದಕ್ಕೆ ಎಳೆದುಕೊಂಡಿರುವುದರಿಂದ ನಿಮಗೆ ಬಿರುಕು ಅಡ್ಡವಾಗಿ ಕಂಡಿದೆ. ಇದರ ಜೊತೆಗೆ ಒಲೆಯ ಶಾಖ ರಬ್ಬರನ್ನು ಗಡುಸು ಮಾಡುತ್ತದೆ, ಮತ್ತು ಗ್ಯಾಸಿನ ಒಡನಾಟದಲ್ಲಿ ಒಳಪದರದಲ್ಲಿರುವ ಮೆದುಕಾರಕ ಎಣ್ಣೆಗಳು ನಿಧಾನವಾಗಿ ಕಳೆದುಹೋಗುತ್ತವೆ. ಈ ಮೂರರಲ್ಲಿ ಮೊದಲನೆಯದು ಮಾತ್ರ ಕಣ್ಣಿಗೆ ಕಾಣುತ್ತದೆ.

ಮುಂಜಾವು ಅವರೇ, ಬಾಗಿದ ಜಾಗಕ್ಕಿಂತ ನನಗೆ ಹೆಚ್ಚು ಚಿಂತೆ ಇರುವುದು ನಾಝಲ್ ಒಳಹೊಕ್ಕಿರುವ ತುದಿಯ ಬಗ್ಗೆ. ಅಲ್ಲಿ ಪೈಪು ತನಗಿಂತ ದಪ್ಪನೆಯ ಲೋಹದ ಏಣುಗಳ ಮೇಲೆ ಸುತ್ತಲೂ ಹಿಗ್ಗಿ ಕೂತಿದೆ, ಹಗಲೂ ರಾತ್ರಿಯೂ ಹಾಗೆಯೇ ಕೂತಿದೆ. ಅಲ್ಲಿ ಬಿರುಕು ಬಂದರೆ ಉದ್ದುದ್ದವಾಗಿ ಬರುತ್ತದೆ. ಹಿಗ್ಗಿರುವುದು ಹೊರಕವಚವೊಂದೇ ಅಲ್ಲ, ಒಳಕೊಳವೆಯೂ ಹಿಗ್ಗಿರುತ್ತದೆ. ದಯವಿಟ್ಟು ರೆಗ್ಯುಲೇಟರನ್ನು ಆಫ್ ಮಾಡಿ, ಕ್ಲಿಪ್ಪನ್ನು ಸಡಿಲಿಸಿ ಹಿಂದಕ್ಕೆ ಸರಿಸಿ, ಅದರಡಿ ಏನಿದೆ ಎಂದು ಟಾರ್ಚ್ ಬೆಳಕಿನಲ್ಲಿ ನೋಡಿ ಹೇಳಿ.

ಹಳೇ ಸ್ಪ್ಯಾನರ್

ಮೇಷ್ಟ್ರ ಮಾತಿಗೆ ನನ್ನದೂ ಒಂದು ಸೇರಿಕೆ. ನಾನು ಒಲೆ ರಿಪೇರಿ ಮಾಡುವವನು. ಸೋರುವ ಪೈಪುಗಳಲ್ಲಿ ನಾನು ಕಂಡ ಹೆಚ್ಚಿನವು ನಡುವೆ ಸೋರುವುದಿಲ್ಲ, ಎರಡು ತುದಿಗಳ ಮೊದಲ ಮೂರು ನಾಲ್ಕು ಬೆರಳಿನಷ್ಟು ಉದ್ದದಲ್ಲೇ ಸೋರುತ್ತವೆ. ಜನ ಮಾತ್ರ ಸಲೀಸಾಗಿ ಕೈಗೆ ಸಿಗುತ್ತದೆ ಎಂದು ಮಧ್ಯಭಾಗವನ್ನೇ ಒರೆಸಿ, ಮುಟ್ಟಿ, ಚೆನ್ನಾಗಿದೆ ಎನ್ನುತ್ತಾರೆ.

ನಡುವೆ ಕೆಟ್ಟರೆ ಕಾರಣ ಸಾಮಾನ್ಯವಾಗಿ ಬೇರೆಯಾಗಿರುತ್ತದೆ: ಇಲಿ ಕಡಿದಿರುತ್ತದೆ, ಇಲ್ಲವೇ ಪೈಪು ಒಲೆಯ ಅಡಿಯಿಂದ ಹಾದು ಶಾಖಕ್ಕೆ ಹುರಿದಿರುತ್ತದೆ, ಇಲ್ಲವೇ ಕಟ್ಟೆಯ ಕಲ್ಲಿನ ಅಂಚಿಗೆ ಉಜ್ಜಿ ಸವೆದಿರುತ್ತದೆ.

ಬೆಟ್ಟದ ಹೂವು

ನಮ್ಮ ಮನೆಯ ಪೈಪಿನ ಮೇಲೂ ಕಪ್ಪು ಕಪ್ಪಾಗಿ ಏನೋ ಕಾಣುತ್ತದೆ, ಪಾತ್ರೆಗಳ ತಳಕ್ಕೂ ಮಸಿ ಹಿಡಿಯುತ್ತಿದೆ. ಹಾಗಾದರೆ ನಮ್ಮ ಪೈಪಿಗೂ ವಯಸ್ಸಾಗಿದೆಯೇ? ಜ್ವಾಲೆ ಹಳದಿಯಾಗಿ ಉರಿಯುತ್ತದೆ.

ಹಳೇ ಸ್ಪ್ಯಾನರ್

ಮೇಡಂ, ಅದು ಬೇರೆ ಕಾಯಿಲೆ. ಜ್ವಾಲೆ ಹಳದಿಯಾಗಿ ಮಸಿ ಹಿಡಿದರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ ಎಂದು ಅರ್ಥ. ಬರ್ನರಿನ ತೂತುಗಳು, ಗಾಳಿ ಎಳೆಯುವ ಬಾಯಿ ಕಟ್ಟಿರಬಹುದು. ಅಪರೂಪಕ್ಕೆ ರೆಗ್ಯುಲೇಟರ್ ಹೆಚ್ಚು ಒತ್ತಡ ಬಿಡುತ್ತಿದ್ದರೂ ಹೀಗಾಗುತ್ತದೆ, ಆದರೆ ಆಗ ಎಲ್ಲ ಬರ್ನರುಗಳ ಜ್ವಾಲೆಯೂ ಒಟ್ಟಿಗೆ ಎತ್ತರವಾಗಿ, ಸದ್ದು ಮಾಡುತ್ತಾ ಉರಿಯುತ್ತದೆ. ಒಂದೇ ಬರ್ನರ್ ಹಳದಿಯಾಗಿದ್ದರೆ ಮೊದಲು ಅದನ್ನು ತೊಳೆಯಿರಿ. ಪೈಪಿನ ಮೇಲಿರುವುದು ಒರೆಸಿದರೆ ಹೋಗುವುದೇ ಎಂದೂ ನೋಡಿ.

ಬೆಟ್ಟದ ಹೂವು

ಒರೆಸಿದೆ, ಹೋಯಿತು. ಜಿಡ್ಡು. ಕ್ಷಮಿಸಿ.

ತಂತಿ ಬೇಲಿ

ಜಿಡ್ಡಿನ ಮಾತು ಬಂದದ್ದಕ್ಕೆ ಕೇಳುತ್ತೇನೆ. ನಾನು ಆರು ತಿಂಗಳಿಗೊಮ್ಮೆ ಪೈಪಿಗೆ ಅಡುಗೆ ಎಣ್ಣೆ ಸವರುತ್ತೇನೆ. ರಬ್ಬರ್ ಒಣಗಬಾರದು, ಮೆತ್ತಗಿರಬೇಕು ಎಂದು. ಪೈಪು ಇಂದಿಗೂ ಹೊಳೆಯುತ್ತದೆ. ಇದರಿಂದ ಬಿರುಕು ತಡವಾಗುವುದಿಲ್ಲವೇ?

ರಬ್ಬರ್ ಮೇಷ್ಟ್ರು

ಹೊಳಪು ಎಣ್ಣೆಯದು, ರಬ್ಬರಿನದಲ್ಲ. ರಬ್ಬರ್ ಗಡುಸಾಗುವುದು ಅದರ ಒಳಗಿನ ರಾಸಾಯನಿಕ ಬದಲಾವಣೆಯಿಂದ. ಮೇಲೆ ಸವರಿದ ಎಣ್ಣೆ ಅದನ್ನು ಹಿಂದಕ್ಕೆ ತಿರುಗಿಸಲಾರದು. ಅದಕ್ಕೆ ಬದಲಾಗಿ ಕೆಲವು ಬಗೆಯ ರಬ್ಬರ್ ಎಣ್ಣೆ ಕುಡಿದು ಉಬ್ಬುತ್ತದೆ, ಜಿಡ್ಡಿಗೆ ಧೂಳು ಅಂಟುತ್ತದೆ, ಅದರಡಿಯಲ್ಲಿ ಬಿರುಕು ಕಾಣದೆ ಹೋಗುತ್ತದೆ. ಇನ್ನೂ ಕೆಟ್ಟದ್ದು ಎಂದರೆ ಆ ಎಣ್ಣೆ ತುದಿಗೆ ಇಳಿದರೆ ನಾಝಲ್ ಮೇಲಿನ ಹಿಡಿತ ಜಾರುತ್ತದೆ. ಹೊಸ ಪೈಪು ತೊಡಿಸುವಾಗಲೂ ಎಣ್ಣೆ ಬೇಡ. ತುದಿಯನ್ನು ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಒರೆಸಿ ತಳ್ಳಿದರೆ ಸಾಕು.

ತಂತಿ ಬೇಲಿ

ಮೂರು ವರ್ಷದ ಎಣ್ಣೆ ನೀರಿಗೆ ಹೋಯಿತು. ಇರಲಿ, ಒಣ ಬಟ್ಟೆಯಲ್ಲಿ ಒರೆಸಿ ನೋಡುತ್ತೇನೆ.

ಮುಂಜಾವು

ಮೇಷ್ಟ್ರೇ, ನೀವು ಹೇಳಿದಂತೆ ಕ್ಲಿಪ್ಪನ್ನು ಹಿಂದಕ್ಕೆ ಸರಿಸಿ ನೋಡಿದೆ. ಕ್ಲಿಪ್ ಕೂತಿದ್ದ ಜಾಗದಲ್ಲಿ ರಬ್ಬರ್ ಬೆಲ್ಟಿನ ಗುರುತಿನಂತೆ ತಗ್ಗಾಗಿದೆ, ಕ್ಲಿಪ್ ತೆಗೆದು ಅರ್ಧ ಗಂಟೆಯಾದರೂ ಅದು ಮೇಲೆದ್ದಿಲ್ಲ. ಆ ತಗ್ಗಿನ ಅಂಚಿನಿಂದ ಪೈಪಿನ ಬಾಯಿಯವರೆಗೆ ಉದ್ದುದ್ದವಾಗಿ ಮೂರು ಬಿರುಕುಗಳಿವೆ. ಒಂದರಲ್ಲಿ ಉಗುರಿನ ತುದಿ ಸಿಕ್ಕಿಕೊಳ್ಳುತ್ತದೆ. ಅದರ ತಳದಲ್ಲಿ ಬಿಳಿಯ ನೂಲಿನಂಥದ್ದು ಕಾಣುತ್ತಿದೆ ಎಂದು ನನ್ನ ಅನುಮಾನ. ಈಗ ಯಜಮಾನರೂ ಸ್ವಲ್ಪ ಮೆತ್ತಗಾಗಿದ್ದಾರೆ.

ರಬ್ಬರ್ ಮೇಷ್ಟ್ರು

ನೂಲು ಕಾಣುತ್ತಿದ್ದರೆ ಮಾತು ಮುಗಿಯಿತು, ಹೊಸ ಪೈಪು ಹಾಕುವವರೆಗೆ ಒಲೆ ಹಚ್ಚಬೇಡಿ. ಹೊರಕವಚ ಆ ಜಾಗದಲ್ಲಿ ಪೂರ್ತಿ ಸೀಳಿದೆ ಎಂದು ಅದರ ಅರ್ಥ. ಅಚ್ಚಾದ ಅವಧಿ ಇನ್ನೂ ಬಾಕಿ ಇರುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಗ್ಗು ಮೇಲೇಳದಿರುವುದೂ ಒಂದು ಸಾಕ್ಷಿ. ಒಳ್ಳೆಯ ರಬ್ಬರನ್ನು ಒತ್ತಿ ಬಿಟ್ಟರೆ ಅದು ತಿರುಗಿ ಬರಬೇಕು. ಬರದಿದ್ದರೆ ನಾಝಲನ್ನು ಬಿಗಿಯಾಗಿ ಅಪ್ಪಿಕೊಳ್ಳುವ ಶಕ್ತಿ ಅದಕ್ಕೆ ಉಳಿದಿಲ್ಲ. ಅಲ್ಲಿಂದ ಮುಂದೆ ಹಿಡಿದಿರುವುದು ಕ್ಲಿಪ್ ಮಾತ್ರ.

ಜಾಣಪ್ಪ

ಪೈಪು ಉದ್ದವಾಗಿದ್ದರೆ ಬಿರುಕು ಬಿಟ್ಟ ಎರಡು ಇಂಚನ್ನು ಕತ್ತರಿಸಿ ಎಸೆದು ಉಳಿದದ್ದನ್ನು ಮತ್ತೆ ತೊಡಿಸಿದರಾಯಿತು. ನಾನು ಎರಡು ಸಲ ಹೀಗೆ ಮಾಡಿದ್ದೇನೆ. ಒಳ್ಳೆಯ ಪೈಪನ್ನು ಎಸೆಯುವುದು ಯಾಕೆ?

ಹಳೇ ಸ್ಪ್ಯಾನರ್

ಎರಡು ಸಲ ಮಾಡಬೇಕಾಗಿ ಬಂತು ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ.

ಜಾಣಪ್ಪ

ಕುಹಕ ಬೇಡ, ಕಾರಣ ಹೇಳಿ.

ಹಳೇ ಸ್ಪ್ಯಾನರ್

ಸರಿ, ಕಾರಣ ಹೇಳುತ್ತೇನೆ. ಉಳಿದ ಭಾಗಕ್ಕೆ ಬಿರುಕಿಲ್ಲ ಎಂದರೆ ಅಲ್ಲಿ ಎಳೆತ ಇರಲಿಲ್ಲ ಎಂದಷ್ಟೇ, ಅದಕ್ಕೆ ವಯಸ್ಸಾಗಿಲ್ಲ ಎಂದಲ್ಲ. ಅದೇ ವಯಸ್ಸಿನ, ಅಷ್ಟೇ ಗಡುಸಾದ ರಬ್ಬರನ್ನು ನೀವು ತಂದು ಏಣುಗಳ ಮೇಲೆ ಹಿಗ್ಗಿಸಿ ಕೂರಿಸುತ್ತೀರಿ. ಹೊಸ ಪೈಪು ಆ ಹಿಗ್ಗನ್ನು ಕೆಲವು ವರ್ಷ ತಾಳುತ್ತದೆ, ಹಳೆಯದು ಕೆಲವೇ ತಿಂಗಳಲ್ಲಿ ಸೀಳಬಹುದು. ಅದರ ಮೇಲೆ ಪೈಪು ಗಿಡ್ಡವಾಗಿ ಬಿಗಿದುಕೊಂಡು ಸಿಲಿಂಡರನ್ನು ಸ್ವಲ್ಪ ಸರಿಸಿದರೂ ತುದಿಯನ್ನು ಜಗ್ಗುತ್ತದೆ.

ಸಾಲುಮರ

ನನಗಾದ ಒಂದು ಅನುಭವ ಇಲ್ಲಿ ಹೇಳಲೇಬೇಕು. ನಮ್ಮಲ್ಲಿ ಒಲೆಯ ಬಳಿ ಸಣ್ಣಗೆ ವಾಸನೆ ಬರುತ್ತಿತ್ತು. ಒಲೆಯ ಕಡೆಯ ತುದಿಗೆ ಸೋಪು ಹಚ್ಚಿದಾಗ ಪೈಪಿನ ಮೈಮೇಲೆ ಎಲ್ಲೂ ಗುಳ್ಳೆ ಇಲ್ಲ, ಪೈಪಿನ ಕತ್ತರಿಸಿದ ಅಂಚಿನಲ್ಲಿ, ಅಂದರೆ ನಾಝಲಿಗೆ ತಾಗಿಕೊಂಡಿರುವ ಬಾಯಿಯ ಸುತ್ತ, ಸಣ್ಣ ನೊರೆ ಏಳುತ್ತಿತ್ತು. ಕ್ಲಿಪ್ ಸಡಿಲವಿರಬೇಕು ಎಂದು ಬಿಗಿಗೊಳಿಸಿದೆ. ನೊರೆ ನಿಲ್ಲಲಿಲ್ಲ. ಇನ್ನೂ ಬಿಗಿಗೊಳಿಸಿದೆ. ಕ್ಲಿಪ್ಪಿನ ಅಂಚು ರಬ್ಬರಿಗೆ ಇಳಿಯಿತೇ ಹೊರತು ನೊರೆ ನಿಲ್ಲಲಿಲ್ಲ. ಕೊನೆಗೆ ಪೈಪು ಬದಲಿಸಿ ಹಳೆಯದನ್ನು ಸೀಳಿ ನೋಡಿದಾಗ ಒಳಕೊಳವೆಯಲ್ಲಿ ಬಿರುಕು ಇದ್ದದ್ದು ತುದಿಯಿಂದ ಸುಮಾರು ಒಂದು ಗೇಣು ಹಿಂದೆ. ಸೋರಿದ್ದು ಒಂದು ಕಡೆ, ಗುಳ್ಳೆ ಬಂದದ್ದು ಇನ್ನೊಂದು ಕಡೆ ಹೇಗೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ರಬ್ಬರ್ ಮೇಷ್ಟ್ರು

ಇದು ಬಹಳ ಒಳ್ಳೆಯ ಉದಾಹರಣೆ. ಒಳಕೊಳವೆಯ ಬಿರುಕಿನಿಂದ ಹೊರಟ ಗ್ಯಾಸ್‌ಗೆ ಎದುರಾಗುವುದು ನೂಲಿನ ಹೆಣಿಗೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಅದು ನೂಲುಗಳ ನಡುವಿನ ಸಂದಿಯಲ್ಲೇ ಹರಿದು, ಹೊರಕವಚ ಗಟ್ಟಿಯಾಗಿದ್ದರೆ ಹೆಣಿಗೆ ಬಯಲಾಗಿರುವ ಕತ್ತರಿಸಿದ ತುದಿಯವರೆಗೂ ಬಂದು ಅಲ್ಲಿ ಹೊರಬೀಳುತ್ತದೆ. ಆದ್ದರಿಂದ ಸೋಪು ಹಚ್ಚುವಾಗ ಪೈಪಿನ ಮೈಗಿಂತ ಮೊದಲು ಎರಡೂ ಬಾಯಿಗಳಿಗೆ ಹಚ್ಚಬೇಕು. ಕ್ಲಿಪ್ ಸರಿಯಾಗಿ ಬಿಗಿದ ಮೇಲೂ ಬಾಯಿಯಲ್ಲಿ ನೊರೆ ಬಂದರೆ ದೋಷ ಕ್ಲಿಪ್ಪಿನದಲ್ಲ, ಪೈಪಿನದು.

ನೀಲಿಜ್ವಾಲೆ

ಒಪ್ಪುತ್ತೇನೆ, ತುದಿಯ ವಿಚಾರ ನನಗೆ ತಿಳಿದಿರಲಿಲ್ಲ. ಆದರೆ ಸೋಪಿಗಿಂತ ಸುಲಭವಾದ ಇನ್ನೊಂದು ಪರೀಕ್ಷೆ ಇದೆ. ಒಲೆಯ ನಾಬ್‌ಗಳನ್ನೆಲ್ಲ ಮುಚ್ಚಿ, ರೆಗ್ಯುಲೇಟರ್ ಆನ್ ಮಾಡಿ ಪೈಪು ತುಂಬಲು ಬಿಟ್ಟು, ಮತ್ತೆ ಆಫ್ ಮಾಡಬೇಕು. ಅರ್ಧ ಗಂಟೆ ಬಿಟ್ಟು ಬರ್ನರ್ ಹಚ್ಚಿದಾಗ ಒಂದು ಸಲ ಭಗ್ಗೆಂದು ಜ್ವಾಲೆ ಬಂದು ಆರಿದರೆ ಪೈಪಿನಲ್ಲಿ ಒತ್ತಡ ಉಳಿದಿದೆ, ಸೋರಿಕೆ ಇಲ್ಲ. ನಾನು ಪ್ರತಿ ಸಲವೂ ಹೀಗೆಯೇ ನೋಡುತ್ತೇನೆ.

ಹಳೇ ಸ್ಪ್ಯಾನರ್

ಈ ಪರೀಕ್ಷೆಯನ್ನು ನಂಬಿ ಮೋಸ ಹೋಗಬೇಡಿ. ಲೆಕ್ಕ ಹಾಕೋಣ. ಒಂದೂವರೆ ಮೀಟರ್ ಉದ್ದ, 8 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಹಿಡಿಯುವ ಗ್ಯಾಸ್ ಸುಮಾರು 75 ಮಿಲಿಲೀಟರ್. ಮನೆಯ ರೆಗ್ಯುಲೇಟರ್ ಬಿಡುವ ಒತ್ತಡ ಸುಮಾರು 30 ಮಿಲಿಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ನೂರಕ್ಕೆ ಮೂರು ಪಾಲು ಮಾತ್ರ ಹೆಚ್ಚು. ನಾಬ್ ತೆರೆದಾಗ ಒತ್ತಡದ ಬಲದಿಂದ ಹೊರಬರುವುದು ಆ ಮೂರು ಪಾಲು, ಸುಮಾರು ಎರಡು ಮಿಲಿಲೀಟರ್. ಸಾಮಾನ್ಯ ಬರ್ನರ್ ಒಂದು ಸೆಕೆಂಡಿಗೆ ಅದರ ಹಲವು ಪಟ್ಟು ಗ್ಯಾಸ್ ಕುಡಿಯುತ್ತದೆ. ಅಂದಮೇಲೆ ನಿಮ್ಮ ಭಗ್ಗೆನ್ನುವ ಜ್ವಾಲೆ ಕಣ್ಣೆವೆ ಮುಚ್ಚಿ ತೆರೆಯುವಷ್ಟರದು. ಅದು ಪೂರ್ತಿ ಬಂತೇ, ಅರ್ಧ ಬಂತೇ ಎಂದು ಯಾರಿಗೂ ಹೇಳಲಾಗದು. ಒತ್ತಡದಲ್ಲಿ ಅರ್ಧದಷ್ಟು ಸೋರಿ ಹೋಗಿದ್ದರೂ ಒಂದು ಮಿಣುಕು ಬಂದೇ ಬರುತ್ತದೆ.

ನೀಲಿಜ್ವಾಲೆ

ಹಾಗಾದರೆ ನೀವು ಬಳಸುವ ನೀರಿನ ಕೊಳವೆಯ ಅಳತೆ? ಅದೂ ಇದೇ ತತ್ವವಲ್ಲವೇ?

ಹಳೇ ಸ್ಪ್ಯಾನರ್

ತತ್ವ ಅದೇ, ಆದರೆ ಅದರಲ್ಲಿ ಕಣ್ಣಿಗೆ ಕಾಣುವ ಅಂಕಿ ಇರುತ್ತದೆ. ಆಂಗ್ಲದ ಯು ಅಕ್ಷರದ ಆಕಾರದ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಗ್ಯಾಸಿನ ದಾರಿಗೆ ಜೋಡಿಸಿದರೆ 30 ಮಿಲಿಬಾರಿಗೆ ಎರಡು ಕಡೆಯ ನೀರಿನ ಮಟ್ಟದ ನಡುವೆ 30 ಸೆಂಟಿಮೀಟರಿಗಿಂತ ಚೂರು ಹೆಚ್ಚು ಅಂತರ ಬರುತ್ತದೆ. ರೆಗ್ಯುಲೇಟರನ್ನು ಆಫ್ ಮಾಡಿ ಹತ್ತು ನಿಮಿಷ ಆ ಮಟ್ಟವನ್ನು ನೋಡಬೇಕು. ಇದನ್ನು ಮನೆಯಲ್ಲಿ ಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ, ಜೋಡಿಸುವ ಜಾಗದಲ್ಲೇ ಸೋರಿದರೆ ಅಪಾಯ.

ನಾನು ಕಲಿಯುವಾಗ ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಮನೆಯಲ್ಲಿ ಆಗತಾನೇ ಅಡುಗೆ ಮುಗಿದಿತ್ತು. ಕೊಳವೆ ಜೋಡಿಸಿದೆ, ಹತ್ತು ನಿಮಿಷದಲ್ಲಿ ನೀರು ಮೂರು ಸೆಂಟಿಮೀಟರ್ ಇಳಿಯಿತು. ಪೈಪು ಸೋರುತ್ತಿದೆ ಎಂದು ಬದಲಿಸಿದೆ. ಹೊಸ ಪೈಪನ್ನು ಸ್ವಲ್ಪ ಹೊತ್ತು ಒಲೆ ಉರಿಸಿ ನೋಡಿ ಮತ್ತೆ ಅಳೆದರೆ ಅದೂ ಇಳಿಯಿತು! ಆಗ ನನ್ನ ಗುರುಗಳು ಪೈಪನ್ನು ಮುಟ್ಟಿ ನೋಡು ಎಂದರು. ಒಲೆಯ ಬಳಿ ಅದು ಬೆಚ್ಚಗಿತ್ತು. ಮುಚ್ಚಿದ ಗ್ಯಾಸ್ ಒಂದು ಡಿಗ್ರಿ ತಣ್ಣಗಾದರೆ ಒತ್ತಡ ಮೂರು ಮಿಲಿಬಾರಿಗಿಂತ ಹೆಚ್ಚು ಕುಸಿಯಬೇಕು. ನೀರೂ ಹಿಂದೆ ಸರಿದು ಜಾಗ ಕಿರಿದು ಮಾಡುವುದರಿಂದ ಕೊಳವೆಯಲ್ಲಿ ಅಷ್ಟು ಪೂರ್ತಿ ಕಾಣುವುದಿಲ್ಲ, ಸೆಂಟಿಮೀಟರ್ ಒಂದರ ಆಸುಪಾಸು ಇಳಿಯುತ್ತದೆ. ಎರಡು ಮೂರು ಡಿಗ್ರಿ ತಣ್ಣಗಾದರೆ ನಾನು ಕಂಡ ಮೂರು ಸೆಂಟಿಮೀಟರ್ ಆಗಿಯೇ ಹೋಯಿತು. ಅಂದಿನಿಂದ ಒಲೆ, ಪೈಪು ಪೂರ್ತಿ ತಣ್ಣಗಾದ ಮೇಲೆಯೇ ಅಳೆಯುತ್ತೇನೆ. ನಿಮ್ಮ ಮನೆಗೆ ಬಂದವರು ಅಡುಗೆ ಮುಗಿದ ಕೂಡಲೇ ಅಳೆದು ಪೈಪು ಕೆಟ್ಟಿದೆ ಎಂದರೆ, ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಇನ್ನೊಮ್ಮೆ ಅಳೆಯಿರಿ ಎಂದು ಕೇಳಿ.

ಅನುಮಾನದ ಗಿರಾಕಿ

ಆ ಮನೆಯವರಿಗೆ ಹಳೆಯ ಪೈಪನ್ನು ವಾಪಸ್ ಕೊಟ್ಟಿರಾ?

ಹಳೇ ಸ್ಪ್ಯಾನರ್

ಹೊಸ ಪೈಪಿನ ಹಣವನ್ನು ಗುರುಗಳು ನನ್ನ ಸಂಬಳದಲ್ಲಿ ಹಿಡಿದುಕೊಂಡರು.

ಚೌಕಟ್ಟು

ಎಲ್ಲರೂ ಪೈಪಿನ ಹಿಂದೆ ಬಿದ್ದಿದ್ದೀರಿ, ಮುಂಜಾವು ಅವರ ಹನ್ನೊಂದು ವರ್ಷದ ರೆಗ್ಯುಲೇಟರಿನ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ಲೋಹದ್ದಲ್ಲವೇ, ಅದಕ್ಕೆ ಏನಾಗುತ್ತದೆ? ಇಪ್ಪತ್ತು ವರ್ಷದಿಂದ ಒಂದೇ ರೆಗ್ಯುಲೇಟರ್ ಬಳಸುವವರನ್ನು ನಾನು ಬಲ್ಲೆ.

ರಬ್ಬರ್ ಮೇಷ್ಟ್ರು

ಹೊರಗೆ ಲೋಹ, ಆದರೆ ಒಳಗೆ ಕೆಲಸ ಮಾಡುವುದು ರಬ್ಬರೇ. ಒಂದು ತೆಳುವಾದ ರಬ್ಬರ್ ಪೊರೆ, ಅಂದರೆ ಡಯಾಫ್ರಾಮ್, ಅದರ ಒಂದು ಕಡೆ ಗ್ಯಾಸ್, ಇನ್ನೊಂದು ಕಡೆ ಸ್ಪ್ರಿಂಗ್ ಮತ್ತು ಹೊರಗಿನ ಗಾಳಿ. ಒಲೆ ಹಚ್ಚಿದಾಗಲೂ ಆರಿಸಿದಾಗಲೂ ಈ ಪೊರೆ ಏರಿಳಿದು ಒಂದು ಸಣ್ಣ ರಬ್ಬರ್ ಬಿರಡೆಯನ್ನು ತೆರೆದು ಮುಚ್ಚುತ್ತದೆ. ಸಿಲಿಂಡರಿನ ಒಳಗೆ ಹವೆಗೆ ತಕ್ಕಂತೆ ಹಲವು ಬಾರ್ ಒತ್ತಡ ಇರುತ್ತದೆ, ಅದನ್ನು 30 ಮಿಲಿಬಾರಿಗೆ ಇಳಿಸುವುದು ಈ ಪೊರೆಯೂ ಬಿರಡೆಯೂ. ಎರಡಕ್ಕೂ ಪೈಪಿಗೆ ಬರುವ ಮುಪ್ಪೇ ಬರುತ್ತದೆ, ಆದರೆ ಮುಚ್ಚಳದೊಳಗೆ ಇರುವುದರಿಂದ ಬಿರುಕು ನಮಗೆ ಕಾಣುವುದಿಲ್ಲ. ಹಲವು ತಯಾರಕರು ಹತ್ತು ವರ್ಷದ ಗಡಿ ಹಾಕುವುದು ಅದಕ್ಕೇ.

ಮರಳಿ ಮನೆಗೆ

ಕಾಣುವುದಿಲ್ಲ, ಆದರೆ ವಾಸನೆ ಹೇಳುತ್ತದೆ. ನಮ್ಮ ಮನೆಯ ಕಥೆ ಕೇಳಿ. ರೆಗ್ಯುಲೇಟರಿನ ಮೇಲ್ಭಾಗದಲ್ಲಿ ಸೂಜಿ ತೂರುವಷ್ಟು ಸಣ್ಣ ತೂತು ಇತ್ತು. ಒಲೆ ಉರಿಯುವಾಗ ಅಲ್ಲಿಂದ ಸಣ್ಣ ವಾಸನೆ ಬರುತ್ತಿತ್ತು, ಸೋಪು ಹಚ್ಚಿದರೆ ಆ ತೂತಿನ ಮೇಲೆ ಗುಳ್ಳೆ ನಿಧಾನವಾಗಿ ಉಬ್ಬಿ ಒಡೆಯುತ್ತಿತ್ತು. ನಮ್ಮ ಮಾವನವರು ತಯಾರಿಕೆಯಲ್ಲಿ ಆದ ದೋಷ ಎಂದು ಭಾವಿಸಿ ಅದಕ್ಕೆ ಅಂಟುಪಟ್ಟಿ ಸುತ್ತಿದರು! ವಾಸನೆ ನಿಂತಿತು. ಎರಡು ದಿನದ ನಂತರ ಜ್ವಾಲೆ ಒಮ್ಮೆ ಕುಗ್ಗುವುದು, ಒಮ್ಮೆ ಹಿಗ್ಗುವುದು ಶುರುವಾಯಿತು. ರಿಪೇರಿಯವರು ಬಂದು ಆ ಪಟ್ಟಿಯನ್ನು ಕಂಡು ಬೆಚ್ಚಿಬಿದ್ದರು.

ರಬ್ಬರ್ ಮೇಷ್ಟ್ರು

ಬೆಚ್ಚಿಬೀಳಲೇಬೇಕು. ಆ ತೂತು ರೆಗ್ಯುಲೇಟರಿನ ಮೂಗು. ಪೊರೆ ಏರಿಳಿಯಬೇಕಾದರೆ ಅದರ ಮೇಲಿನ ಗಾಳಿ ಒಳಗೆ ಹೊರಗೆ ಆಡಬೇಕು. ಅಲ್ಲಿಂದ ಗಾಳಿ ಬರಬಹುದು, ಗ್ಯಾಸ್ ಬರಬಾರದು. ಗ್ಯಾಸ್ ಬಂತೆಂದರೆ ಪೊರೆ ತೂತಾಗಿದೆ. ಮುಚ್ಚಿದಾಗ ಸೋರಿದ ಗ್ಯಾಸ್ ಪೊರೆಯ ಮೇಲ್ಭಾಗದಲ್ಲಿ ಕೂಡಿಕೊಂಡು ಸ್ಪ್ರಿಂಗಿನ ಜೊತೆ ಸೇರಿ ಕೆಳಕ್ಕೆ ಒತ್ತುತ್ತದೆ, ಬಿರಡೆ ಇನ್ನಷ್ಟು ತೆರೆಯುತ್ತದೆ, ಒಲೆಯ ಕಡೆಗೆ ಒತ್ತಡ ಏರುತ್ತದೆ. ಇದನ್ನು ಬಿಚ್ಚಿ ರಿಪೇರಿ ಮಾಡುವಂತಿಲ್ಲ, ಬದಲಿಸುವುದೇ ದಾರಿ. ತೂತಿಗೆ ಜಿಡ್ಡು, ಜಿರಳೆಯ ಕಸ ಕಟ್ಟಿಕೊಂಡರೂ ಜ್ವಾಲೆ ಅಸ್ಥಿರವಾಗುತ್ತದೆ, ಆದರೆ ಸೂಜಿ ಹಾಕಿ ಕೆದಕಬೇಡಿ, ಕೆಳಗೆ ಪೊರೆ ಇದೆ.

ನೀಲಿಜ್ವಾಲೆ

ಒಲೆ ಹಚ್ಚಿದ ಕ್ಷಣ ಜ್ವಾಲೆ ಒಮ್ಮೆ ಎತ್ತರಕ್ಕೆ ಎದ್ದು ನಂತರ ಇಳಿಯುತ್ತದೆ. ಅದೂ ರೆಗ್ಯುಲೇಟರ್ ಕೆಟ್ಟ ಲಕ್ಷಣವೇ ಅಲ್ಲವೇ?

ಹಳೇ ಸ್ಪ್ಯಾನರ್

ಸ್ವಲ್ಪ ಎದ್ದರೆ ಸಹಜ. ಯಾವ ಬರ್ನರೂ ಉರಿಯದಿರುವಾಗ ಪೈಪಿನ ಒತ್ತಡ ಉರಿಯುವಾಗ ಇರುವುದಕ್ಕಿಂತ ಚೂರು ಮೇಲೆ ನಿಂತಿರುತ್ತದೆ. ಆದರೆ ರಾತ್ರಿಯಿಡೀ ರೆಗ್ಯುಲೇಟರ್ ಆನ್ ಇದ್ದು ಬೆಳಿಗ್ಗೆ ಮೊದಲ ಸಲ ಹಚ್ಚಿದಾಗ ಮಾತ್ರ ಜ್ವಾಲೆ ಬುಸ್ಸೆಂದು ಹಾರಿ, ಸಂಜೆ ಹಾಗಾಗದಿದ್ದರೆ, ಬಿರಡೆ ಪೂರ್ತಿ ಮುಚ್ಚುತ್ತಿಲ್ಲ, ರಾತ್ರಿಯೆಲ್ಲ ಒತ್ತಡ ಹನಿಹನಿಯಾಗಿ ಏರಿದೆ ಎಂದು ಅನುಮಾನಿಸಬೇಕು. ಆ ಏರಿದ ಒತ್ತಡ ತಾಗುವುದು ಹಳೆಯ ಪೈಪಿನ ತುದಿಗೆ. ಮುಂಜಾವು ಅವರಲ್ಲಿ ಇವೆರಡೂ ಒಟ್ಟಿಗೆ ಹಳೆಯವು, ನನ್ನ ಆತಂಕ ಅದು.

ಚೌಕಟ್ಟು

ಸರಿ, ಒಪ್ಪಿದೆ. ಆದರೆ ಪೈಪಿನ ಐದು ವರ್ಷವನ್ನು ತಯಾರಾದ ದಿನದಿಂದ ಎಣಿಸಬೇಕೇ, ಹಾಕಿದ ದಿನದಿಂದ ಎಣಿಸಬೇಕೇ? ನನ್ನ ಪೈಪು ಎರಡು ವರ್ಷ ಕಪಾಟಿನಲ್ಲೇ ಇತ್ತು.

ಹಳೇ ಸ್ಪ್ಯಾನರ್

ನಾನು ಅಚ್ಚಾದ ದಿನಾಂಕದಿಂದಲೇ ಎಣಿಸುತ್ತೇನೆ. ಯಾವಾಗ ಹಾಕಿದರು ಎಂಬುದನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ರಬ್ಬರ್ ಮೇಷ್ಟ್ರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕತ್ತಲೆಯಲ್ಲಿ, ತಂಪಾದ ಜಾಗದಲ್ಲಿ, ಸುರುಳಿ ಬಿಗಿಯದೆ ಇಟ್ಟ ಪೈಪಿಗೆ ಎರಡು ವರ್ಷದಲ್ಲಿ ಆಗುವ ಹಾನಿ ಒಲೆಯ ಹಿಂದೆ ಆರು ತಿಂಗಳಲ್ಲಿ ಆಗುವುದಕ್ಕಿಂತ ಕಡಿಮೆ ಇರಬಹುದು. ಹಾಗೆಯೇ ಒಲೆಯ ಶಾಖ ನೇರವಾಗಿ ತಾಗುವ ಕಡೆ ಮೂರೇ ವರ್ಷಕ್ಕೆ ಮುಗಿದ ಪೈಪುಗಳನ್ನೂ ಕಂಡಿದ್ದೇನೆ. ಆದರೆ ಮೈಮೇಲೆ ಕೊನೆಯ ದಿನಾಂಕ ಅಚ್ಚಾಗಿದ್ದರೆ ನನ್ನ ಅಭಿಪ್ರಾಯವನ್ನು ಬಿಟ್ಟು ಅದನ್ನು ಪಾಲಿಸಿ.

ತಂತಿ ಬೇಲಿ

ಉಕ್ಕಿನ ತಂತಿ ಹೆಣೆದ ಪೈಪಿಗೆ ಕ್ಲಿಪ್ ಬೇಕೇ ಬೇಡವೇ? ಒಬ್ಬರು ಬೇಕೇ ಬೇಕು ಎನ್ನುತ್ತಾರೆ, ಇನ್ನೊಬ್ಬರು ಕ್ಲಿಪ್ ಹಾಕಿದರೆ ತಂತಿ ಒಳಕೊಳವೆಯನ್ನು ಕೊರೆಯುತ್ತದೆ ಎನ್ನುತ್ತಾರೆ.

ಹಳೇ ಸ್ಪ್ಯಾನರ್

ನಾನು ಹಾಕುತ್ತೇನೆ, ಹದವಾಗಿ.

ರಬ್ಬರ್ ಮೇಷ್ಟ್ರು

ಪೈಪಿನ ಜೊತೆ ಬರುವ ಚೀಟಿ ಬೇಡ ಎಂದರೆ ನಾನು ಹಾಕುವುದಿಲ್ಲ. ಈ ವಿಷಯದಲ್ಲಿ ಸ್ಪ್ಯಾನರ್ ಅವರೂ ನಾನೂ ಹಿಂದೆಯೂ ಜಗಳವಾಡಿದ್ದೇವೆ.

ಮುಂಜಾವು

ಇವತ್ತು ಪೈಪು, ರೆಗ್ಯುಲೇಟರ್ ಎರಡೂ ಹೊಸದಾದವು. ಹಾಕಿಕೊಟ್ಟವರು ಪೈಪನ್ನು ಬಿಸಿನೀರಿನಲ್ಲಿ ಅದ್ದಿ ನಾಝಲಿನ ಎಲ್ಲ ಏಣುಗಳೂ ಒಳಹೋಗುವವರೆಗೆ ತಳ್ಳಿದರು, ಬಾಗುವ ಜಾಗ ಸಡಿಲವಾಗಿ ದೊಡ್ಡ ತಿರುವಿನಲ್ಲಿ ಇಳಿಯುವಂತೆ ಬಿಟ್ಟರು. ರೆಗ್ಯುಲೇಟರ್ ಆನ್ ಮಾಡಿ, ನಾಬ್ ಮುಚ್ಚಿ, ಎರಡೂ ಬಾಯಿಗಳಿಗೆ, ರೆಗ್ಯುಲೇಟರಿನ ಮೂಗಿಗೆ, ಸಿಲಿಂಡರಿನ ಕತ್ತಿಗೆ ಸೋಪಿನ ನೊರೆ ಹಚ್ಚಿ ಎರಡು ನಿಮಿಷ ಕಾದೆವು. ಏನೂ ಏಳಲಿಲ್ಲ.

ಹಳೆಯ ಪೈಪನ್ನು ಯಜಮಾನರೇ ಚಾಕುವಿನಿಂದ ಉದ್ದಕ್ಕೆ ಸೀಳಿದರು. ನಡುಭಾಗದ ಒಳಮೈ ನುಣುಪಾಗಿದೆ, ಬೆರಳಿನಲ್ಲಿ ಮಡಿಸಿದರೆ ಮಡಿಯುತ್ತದೆ. ಒಲೆಯ ಕಡೆಯ ತುದಿಯಲ್ಲಿ ನಾಝಲಿನ ಏಣುಗಳು ಕೂತಿದ್ದ ಮೂರು ಉಂಗುರಗಳು ಕೆತ್ತಿದ ಹಾಗೆ ಉಳಿದಿವೆ, ಆ ರಬ್ಬರ್ ಪ್ಲಾಸ್ಟಿಕ್ಕಿನಂತೆ ಗಡುಸಾಗಿದೆ. ಮಡಿಸಿದಾಗ ಸಣ್ಣಗೆ ಚಟ್ ಎಂದು ಸದ್ದಾಗಿ ಮೊದಲ ಉಂಗುರದ ಅಂಚಿನಲ್ಲಿ ಒಳಗಿನಿಂದಲೇ ಸೀಳಿತು. ಆ ಒಳಸೀಳು ಹೊರಗಿನ ಬಿರುಕಿಗೆ ನೇರವಾಗಿ ಸೇರಲಿಲ್ಲ, ನಡುವೆ ನೂಲಿನ ಪದರವಷ್ಟೇ ಉಳಿದಿತ್ತು. ಮಡಿಸಿದ್ದಕ್ಕೆ ಸೀಳಿತೋ, ಮೊದಲೇ ಅರ್ಧ ಸೀಳಿತ್ತೋ ಎಂದು ಮನೆಯಲ್ಲಿ ಈಗ ಹೊಸ ವಾದ ನಡೆದಿದೆ.

ರಬ್ಬರ್ ಮೇಷ್ಟ್ರು

ಸೀಳಿನ ಗೋಡೆಯನ್ನು ಬೆಳಕಿಗೆ ಹಿಡಿದು ನೋಡಿ. ಈಗ ಸೀಳಿದ ಭಾಗ ಕಡುಗಪ್ಪಾಗಿ ತಾಜಾ ಕಾಣುತ್ತದೆ, ಹಳೆಯ ಭಾಗ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಎರಡು ಬಣ್ಣಗಳ ನಡುವೆ ಒಂದು ಗೆರೆ ಕಂಡರೆ, ಆ ಗೆರೆಯವರೆಗೆ ಅದು ಮೊದಲೇ ಸೀಳಿತ್ತು.

ಮುಂಜಾವು

ಗೆರೆ ಇದೆ. ಅರ್ಧಕ್ಕಿಂತ ಸ್ವಲ್ಪ ಆಚೆಗೆ.